ಆಕಾಶ ಬದಲಿಸಿದರೂ ಗೋಡೆಯ ಬಿಸಿಲು ಉಳಿಯಬೇಕು: ಗವಾನ್ ಮದರಸಾದ ಒಂದು ಚಿತ್ರದ ತಿದ್ದುಪಡಿ

ಬೀದರಿನ ಮಹಮೂದ್ ಗವಾನ್ ಮದರಸಾದ ಒಂದು ಚಿತ್ರ ಕ್ಯಾಲೆಂಡರಿಗೆಂದು ನನ್ನ ಬಳಿಗೆ ಬಂದಿತ್ತು. ಡಿಸೆಂಬರ್ ತಿಂಗಳ ಬೆಳಗಿನ ಒಂಬತ್ತು ಗಂಟೆಗೆ, ಕಟ್ಟಡದ ಎದುರಿನ ಅಂಗಳದಲ್ಲಿ ನಿಂತು ತೆಗೆದ ಚಿತ್ರ ಅದು. ಗೋಡೆಯ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು, ಕಮಾನುಗಳ ಒಳಗೆ ನೆರಳು ಗಾಢವಾಗಿತ್ತು, ಅಳಿದುಳಿದ ನೀಲಿ ಹಂಚುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಅಂದು ಗಾಳಿಯಲ್ಲಿ ಧೂಳು, ಮಬ್ಬು ತುಂಬಿದ್ದರಿಂದ ಹಿಂದಿನ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಮೋಡಗಳಿರುವ ಆಕಾಶ ಬೇಕು, ಆದಷ್ಟು ಸಂಜೆಯ ಕೇಸರಿ ಬಣ್ಣದ್ದೇ ಆಗಲಿ ಎಂಬುದು ಗಿರಾಕಿಯ ಕೋರಿಕೆಯಾಗಿತ್ತು.

ನನ್ನೊಡನೆ ಕೆಲಸ ಕಲಿಯುತ್ತಿರುವ ಹುಡುಗ ಸಾಫ್ಟ್‌ವೇರಿನ ಸಿದ್ಧ ಸೌಲಭ್ಯ ಬಳಸಿ ಅರ್ಧ ನಿಮಿಷದಲ್ಲಿ ಆಕಾಶ ಬದಲಿಸಿದ. ಆಮೇಲೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಕಾಕಾ, ಮೋಡ ಛಲೋ ಬಂದಾವ, ಆದ್ರ ಗ್ವಾಡಿ ಯಾಕ ಹಿಂಗ ಸಪ್ಪಗ ಕಾಣ್ತದ?" ಎಂದು ಕೇಳಿದ. ಮನೆ ಮಾರಾಟದ ಜಾಹೀರಾತಿಗೆ, ಲಾಡ್ಜಿನ ಪುಟಕ್ಕೆ, ಊರಿನ ಸ್ಮಾರಕದ ಪೋಸ್ಟರಿಗೆ ಎಂದು ಈಗ ಮೊಬೈಲಿನಲ್ಲಿಯೇ ಆಕಾಶ ಬದಲಿಸುವವರೆಲ್ಲರಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದಕ್ಕೆ ಎರಡು ಉತ್ತರಗಳಿವೆ. ಒಂದು ಬೆಳಕಿನ ದಿಕ್ಕಿಗೆ ಸೇರಿದ್ದು, ಇನ್ನೊಂದು ಗೋಡೆಯ ಮೇಲಿನ ನೆರಳು-ಬೆಳಕಿನ ಅಂತರಕ್ಕೆ ಸೇರಿದ್ದು. ಎರಡನ್ನೂ ಇದೇ ಚಿತ್ರದ ಮೂಲಕ ನೋಡೋಣ.

## ಮೊದಲು ಸೂರ್ಯ ಎಲ್ಲಿದ್ದನೆಂದು ತಿಳಿಯಬೇಕು

ಬಹಮನಿಯರ ಪ್ರಧಾನಿಯಾಗಿದ್ದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಈ ಮದರಸಾದ ಮುಖ್ಯ ಮುಂಗೋಡೆ ಪೂರ್ವಕ್ಕೆ ಮುಖ ಮಾಡಿದೆ. ಹದಿನೇಳನೇ ಶತಮಾನದ ಕೊನೆಯಲ್ಲಾದ ಅನಾಹುತದಲ್ಲಿ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಮುಂಭಾಗದ ಎರಡು ಮಿನಾರುಗಳಲ್ಲಿ ಈಶಾನ್ಯ ಮೂಲೆಯದು ಮಾತ್ರ ಉಳಿದಿದೆ. ಮುಂಗೋಡೆಯ ಚಿತ್ರ ತೆಗೆಯುವವನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕಾಗುತ್ತದೆ. ಅವನ ಬಲಗಡೆ ಉತ್ತರವಿರುವುದರಿಂದ ಮಿನಾರು ಚಿತ್ರದ ಬಲಭಾಗದಲ್ಲಿ ಬರುತ್ತದೆ, ಮತ್ತು ಕಟ್ಟಡದ ಹಿಂದೆ ಕಾಣುವುದೆಲ್ಲ ಪಶ್ಚಿಮದ ಆಕಾಶವೇ ಆಗಿರುತ್ತದೆ.

ಬೀದರಿನಲ್ಲಿ ಡಿಸೆಂಬರ್ ನಡುವಿನ ಬೆಳಗ್ಗೆ ಒಂಬತ್ತಕ್ಕೆ ಸೂರ್ಯ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 27 ಡಿಗ್ರಿ ಎತ್ತರದಲ್ಲಿರುತ್ತಾನೆ. ಛಾಯಾಗ್ರಾಹಕನಿಗೆ ಅದು ಬೆನ್ನ ಹಿಂದಿನ ಎಡಭಾಗ. ಚಿತ್ರ ತೆಗೆದ ವೇಳೆ ಗೊತ್ತಿಲ್ಲದಿದ್ದರೂ ಈ ಸಂಗತಿಯನ್ನು ಚಿತ್ರದಿಂದಲೇ ಓದಿಕೊಳ್ಳಬಹುದು. ನೆಲದ ಮೇಲೆ ನಿಂತ ಯಾವುದೇ ಕಂಬದ ನೆರಳು ಬಲಕ್ಕೆ ಮತ್ತು ಒಳಕ್ಕೆ ಓರೆಯಾಗಿ, ಕಂಬದ ಎತ್ತರದ ಹತ್ತಿರಹತ್ತಿರ ಎರಡರಷ್ಟು ಉದ್ದ ಬಿದ್ದಿರುತ್ತದೆ. ಕಮಾನುಗಳ ಒಳಗೆ ನೆರಳು ಎಡ ಅಂಚಿಗೆ ಅಂಟಿಕೊಂಡಿರುತ್ತದೆ, ಏಕೆಂದರೆ ಎಡದಿಂದ ಬರುವ ಬಿಸಿಲನ್ನು ಎಡ ಅಂಚೇ ತಡೆಯುತ್ತದೆ.

ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಸಾಕ್ಷಿ ಮಿನಾರು. ಅದು ದುಂಡಗಿರುವುದರಿಂದ ಬಿಸಿಲು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆ ಎಂಬುದು ಅದರ ಮೈಮೇಲೆ ಒಂದು ಉದ್ದ ಗೆರೆಯಾಗಿ ಮೂಡುತ್ತದೆ. ನಮ್ಮ ಚಿತ್ರದಲ್ಲಿ ಮಿನಾರಿನ ಬಹುಪಾಲು ಬಿಸಿಲಿನಲ್ಲಿತ್ತು. ಬಲ ಅಂಚಿನಲ್ಲಿ ಮಾತ್ರ ಅದರ ಅಗಲದ ಹತ್ತರಲ್ಲೊಂದು ಭಾಗದಷ್ಟು ನೆರಳಿನ ಪಟ್ಟಿ ಇತ್ತು. ಸೂರ್ಯ ಪೂರ್ತಿ ಪಕ್ಕದಲ್ಲಿದ್ದರೆ ಆ ಪಟ್ಟಿ ಅರ್ಧ ಅಗಲಕ್ಕೆ ಬರುತ್ತಿತ್ತು, ಕಟ್ಟಡದ ಹಿಂದಿದ್ದರೆ ಮಿನಾರು ಬಹುತೇಕ ಕಪ್ಪಾಗುತ್ತಿತ್ತು. ಮನೆಯ ಚಿತ್ರಗಳಲ್ಲಿ ಮಿನಾರು ಇರುವುದಿಲ್ಲ, ಆದರೆ ಛಾವಣಿಯ ನೀರಿನ ಟ್ಯಾಂಕ್, ದುಂಡು ಕಂಬ, ಮುಂದಿನ ತೆಂಗಿನ ಮರದ ಕಾಂಡ ಇವುಗಳಲ್ಲಿ ಯಾವುದಾದರೂ ಒಂದು ಇದೇ ಸಾಕ್ಷಿ ಹೇಳುತ್ತದೆ.

## ಕೇಸರಿ ಆಕಾಶ ಏಕೆ ಕೂಡುವುದಿಲ್ಲ

ಗಿರಾಕಿ ಕೇಳಿದ ಕೇಸರಿ ಆಕಾಶದ ತೊಂದರೆ ಈಗ ತಾನಾಗಿಯೇ ಸ್ಪಷ್ಟವಾಗುತ್ತದೆ. ಮದರಸಾದ ಹಿಂದೆ ಪಶ್ಚಿಮದಲ್ಲಿ ಸೂರ್ಯಾಸ್ತದ ಬಣ್ಣ ಇರಬೇಕಾದರೆ ಸೂರ್ಯನೂ ಅಲ್ಲಿಯೇ, ಕಟ್ಟಡದ ಬೆನ್ನಿಗೆ ಇರಬೇಕು. ಆಗ ಪೂರ್ವದ ಮುಂಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ವರ್ಷದ ಯಾವ ದಿನವಾದರೂ ನಡುಹಗಲು ದಾಟಿದ ಮೇಲೆ ಈ ಗೋಡೆ ನೆರಳಿಗೆ ಸರಿಯುತ್ತದೆ. ಹಿಂದೆ ಸೂರ್ಯಾಸ್ತವನ್ನೂ ಮುಂದೆ ಬೆಳಗಿನ ಬಿಸಿಲನ್ನೂ ಒಟ್ಟಿಗೆ ತೋರಿಸುವ ಚಿತ್ರದಲ್ಲಿ ಎರಡು ಸೂರ್ಯರು ಇದ್ದಂತಾಗುತ್ತದೆ. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಕಟ್ಟಡವನ್ನು ಕತ್ತರಿಸಿ ಅಂಟಿಸಿದಂತೆ ಅನಿಸುವುದು ಇದರಿಂದಲೇ.

ಗೋಡೆಯ ಬಣ್ಣವನ್ನು ಸ್ವಲ್ಪ ಕೇಸರಿ ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಬಣ್ಣವನ್ನು ಹಾಗೆ ತಿರುಗಿಸಬಹುದು, ಆದರೆ ನೆರಳಿನ ಆಕಾರವನ್ನು ತಿರುಗಿಸಲಾಗುವುದಿಲ್ಲ. ಪ್ರತಿ ಕಮಾನಿನ ಎಡ ಅಂಚಿನಲ್ಲಿ, ಪ್ರತಿ ಹಂಚಿನ ಚಾಚಿನ ಕೆಳಗೆ, ಪ್ರತಿ ಬಿರುಕಿನೊಳಗೆ ಆಗ್ನೇಯದ ಸೂರ್ಯ ಬರೆದ ನೆರಳುಗಳು ಚಿತ್ರದಲ್ಲಿ ಹುದುಗಿ ಹೋಗಿವೆ. ಆದ್ದರಿಂದ ಗಿರಾಕಿಗೆ ನಾನು ಹೇಳಿದ್ದು ಇಷ್ಟೇ: ಕೇಸರಿ ಆಕಾಶ ಬೇಕಿದ್ದರೆ ಸಂಜೆ ಹೋಗಿ ಬೇರೆ ಚಿತ್ರ ತೆಗೆಯೋಣ, ಈ ಚಿತ್ರಕ್ಕೆ ಬೆಳಗಿನ ಪಶ್ಚಿಮದ ಆಕಾಶವೇ ಬೇಕು. ಅವರು ಒಪ್ಪಿದರು.

## ಹೊಂದುವ ಆಕಾಶವನ್ನು ಹುಡುಕುವುದು

ಬೆಳಗ್ಗೆ ಒಂಬತ್ತಕ್ಕೆ ಪಶ್ಚಿಮದ ಆಕಾಶ ಹೇಗಿರುತ್ತದೆ? ಸೂರ್ಯ ನಮ್ಮ ಬೆನ್ನಿಗಿರುವುದರಿಂದ ಅಲ್ಲಿ ಕಣ್ಣು ಕೋರೈಸುವ ಹೊಳಪಿಲ್ಲ. ಮೇಲ್ಭಾಗ ಗಾಢ ನೀಲಿಯಾಗಿದ್ದು, ದಿಗಂತದತ್ತ ಇಳಿದಂತೆ ತಿಳಿಯಾಗುತ್ತ ಹೋಗುತ್ತದೆ. ಮೋಡಗಳಿದ್ದರೆ ಅವುಗಳ ನಮ್ಮ ಕಡೆಯ ಮುಖ ಬೆಳ್ಳಗಿದ್ದು, ಎಡ ಹೆಗಲಿನಲ್ಲಿ ಇನ್ನಷ್ಟು ಬೆಳ್ಳಗಿದ್ದು, ಬೂದು ನೆರಳು ಬಲಗಡೆ ಮತ್ತು ಕೆಳಗಡೆ ಇರುತ್ತದೆ. ಸುತ್ತ ಬೆಳ್ಳಿಯ ಅಂಚಿದ್ದು ನಡುವೆ ಕಪ್ಪಾಗಿರುವ ಮೋಡ ಸೂರ್ಯನ ಎದುರಿಗೆ ಕ್ಯಾಮೆರಾ ಹಿಡಿದು ತೆಗೆದದ್ದು. ಅದು ಎಷ್ಟೇ ಸುಂದರವಾಗಿದ್ದರೂ ಇಲ್ಲಿಗೆ ಬಾರದು.

ಇಂತಹ ಆಕಾಶವನ್ನು ಸಿದ್ಧ ಸಂಗ್ರಹದಲ್ಲಿ ಹುಡುಕುವುದಕ್ಕಿಂತ ನಮ್ಮದೇ ಮಾಳಿಗೆಯ ಮೇಲೆ ತೆಗೆದಿಟ್ಟುಕೊಳ್ಳುವುದು ಸುಲಭ. ಮಳೆಗಾಲ ಮುಗಿಯುವ ದಿನಗಳಲ್ಲಿ ನಮ್ಮ ಕಡೆ ಹತ್ತಿಯ ರಾಶಿಯಂತಹ ಮೋಡಗಳು ತೇಲುತ್ತಿರುತ್ತವೆ. ಆಗ ಸೂರ್ಯನಿಗೆ ಬೆನ್ನು ಮಾಡಿ ನಿಂತು ತೆಗೆದ ಚಿತ್ರಗಳಿಗೆ ವೇಳೆ ಮತ್ತು ದಿಕ್ಕಿನ ಹೆಸರಿಟ್ಟು ಕೂಡಿಡುತ್ತೇನೆ. ಈ ಕೆಲಸಕ್ಕೆ ಬಳಸಿದ್ದು ಅಕ್ಟೋಬರಿನ ಬೆಳಗ್ಗೆ ಎಂಟೂವರೆಗೆ ಪಶ್ಚಿಮಕ್ಕೆ ತೆಗೆದ ಆಕಾಶ. ಆ ವೇಳೆಯಲ್ಲಿ ಸೂರ್ಯ 31 ಡಿಗ್ರಿಯಷ್ಟು ಎತ್ತರದಲ್ಲಿದ್ದು, ಡಿಸೆಂಬರಿಗಿಂತ ಸ್ವಲ್ಪ ಪೂರ್ವಕ್ಕೆ ಸರಿದಿರುತ್ತಾನೆ. ಮೋಡದ ಮೇಲಿನ ಬೆಳಕಿನಲ್ಲಿ ಇಷ್ಟು ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ.

ಮೋಡದ ಬೆಳ್ಳನೆಯ ಮಗ್ಗುಲು ತಪ್ಪು ಬದಿಗೆ ಬಂದಿದ್ದರೆ ಆಕಾಶವನ್ನು ಎಡಬಲ ತಿರುಗಿಸಬಹುದು. ಫೋಟೋಶಾಪಿನ ಆಕಾಶ ಬದಲಿಸುವ ಕಿಟಕಿಯಲ್ಲಿ ಇದಕ್ಕೆ Flip ಎಂಬ ಗುಂಡಿ ಇದೆ. ತಿರುಗಿಸಬೇಕಾದದ್ದು ಆಕಾಶವನ್ನು ಮಾತ್ರ. ಕಟ್ಟಡವನ್ನೂ ತಿರುಗಿಸಿದರೆ ಮಿನಾರು ಎಡಕ್ಕೆ ಹೋಗಿ ಗೋಡೆಯ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತವೆ.

ಆಕಾಶದ ಯಾವ ತುಂಡನ್ನು ಎಲ್ಲಿ ಕೂರಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯ. ನೆತ್ತಿಯ ಮೇಲಿನ ಗಾಢ ನೀಲಿಯನ್ನು ಎಳೆದು ತಂದು ಗೋಡೆಯ ತಲೆಗೇ ತಾಗಿಸಿದರೆ ಕಟ್ಟಡ ಬೆಟ್ಟದ ತುದಿಯಲ್ಲಿ ನಿಂತಂತೆ ಕಾಣುತ್ತದೆ. ಚಿತ್ರದಲ್ಲಿ ದಿಗಂತ ಇರಬೇಕಾದ ಎತ್ತರವನ್ನು ಗುರುತಿಸಿ, ಹೊಸ ಆಕಾಶದ ದಿಗಂತವನ್ನು ಅಲ್ಲಿಗೇ ತಂದು ಕೂರಿಸಬೇಕು. ಆಗ ತಿಳಿ ಬಣ್ಣದ ಕೆಳಪಟ್ಟಿ ತಾನಾಗಿ ಗೋಡೆಯ ಹಿಂದೆ ಬರುತ್ತದೆ.

ಗಟ್ಟಿ ನೆರಳುಗಳಿರುವ ಗೋಡೆಯ ಹಿಂದೆ ಪೂರ್ತಿ ಮೋಡ ಮುಚ್ಚಿದ ಬೂದು ಆಕಾಶ ಇಡಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಮದುವೆಯ ಬಿಳಿ ಶಾಮಿಯಾನದ ಕೆಳಗೆ ಯಾರ ನೆರಳೂ ಸ್ಪಷ್ಟವಾಗಿ ಬೀಳುವುದಿಲ್ಲ. ಮೋಡ ಇಡೀ ಆಕಾಶವನ್ನು ಮುಚ್ಚಿದಾಗಲೂ ಹಾಗೆಯೇ. ಆದ್ದರಿಂದ ಒಂದೇ ಸಮನೆ ಹಬ್ಬಿದ ಬೂದು ಆಕಾಶ ಹೊಂದುವುದಿಲ್ಲ. ಆದರೆ ಎದುರು ದಿಕ್ಕಿನಲ್ಲಿ ಮಾತ್ರ ಕಪ್ಪು ಮೋಡ ಕವಿದು, ನಮ್ಮ ಬೆನ್ನ ಹಿಂದೆ ಬಿಸಿಲು ತೆರೆದಿರುವ ಗಳಿಗೆಗಳು ಮಳೆಗಾಲದಲ್ಲಿ ನಿಜವಾಗಿಯೂ ಬರುತ್ತವೆ. ಕಲಬುರಗಿ ಕೋಟೆಯ ಗೋಡೆಗಳು ಅತ್ಯಂತ ಚೆನ್ನಾಗಿ ಕಾಣುವುದು ಆ ಬೆಳಕಿನಲ್ಲಿಯೇ ಎಂದು ನನ್ನ ಅಭಿಪ್ರಾಯ. ಅಂತಹ ಆಕಾಶವನ್ನು ಧೈರ್ಯದಿಂದ ಬಳಸಬಹುದು.

## ಗೋಡೆ ಸಪ್ಪಗಾಗುವುದು ಎಲ್ಲಿಂದ

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಾಂಟ್ರಾಸ್ಟ್ ಎಂದರೆ ಚಿತ್ರದ ಬೆಳಕಿನ ಭಾಗಕ್ಕೂ ನೆರಳಿನ ಭಾಗಕ್ಕೂ ಇರುವ ಅಂತರ. ಕಂಪ್ಯೂಟರಿನಲ್ಲಿ ಪ್ರತಿ ಬಿಂದುವಿನ ಹೊಳಪನ್ನು 0ಯಿಂದ 255ರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. 0 ಎಂದರೆ ಕಡುಕಪ್ಪು, 255 ಎಂದರೆ ಶುದ್ಧ ಬಿಳಿ. ಆಕಾಶ ಬದಲಿಸುವ ಮೊದಲು ನಾನು ಗೋಡೆಯ ಮೇಲೆ ಎರಡು ಜಾಗ ಆರಿಸಿ ಅಂಕಿ ಬರೆದುಕೊಂಡಿದ್ದೆ. ಬಿಸಿಲು ಬಿದ್ದ ಗಾರೆಯ ಮೇಲೆ 205, ಕಮಾನಿನ ಒಳ ನೆರಳಿನಲ್ಲಿ 62, ಅಂತರ 143. ಹುಡುಗ ಬದಲಿಸಿದ ಚಿತ್ರದಲ್ಲಿ ಅದೇ ಜಾಗಗಳು 190 ಮತ್ತು 92 ಆಗಿದ್ದವು. ಅಂತರ 98ಕ್ಕೆ ಇಳಿದಿತ್ತು. ಬೆಳಕು ಕುಗ್ಗಿ, ನೆರಳು ಉಬ್ಬಿ, ಎರಡೂ ನಡುವಿನತ್ತ ಸರಿದದ್ದೇ ಅವನ ಕಣ್ಣಿಗೆ ಸಪ್ಪೆಯಾಗಿ ಕಂಡದ್ದು.

ಆಕಾಶವನ್ನಷ್ಟೇ ಬದಲಿಸಿದರೆ ಗೋಡೆಯ ಅಂಕಿ ಏಕೆ ಬದಲಾಗಬೇಕು? ಸಿದ್ಧ ಸೌಲಭ್ಯ ಆಕಾಶವನ್ನು ಮಾತ್ರ ಮುಟ್ಟುವುದಿಲ್ಲ ಎಂಬುದೇ ಕಾರಣ. ಕಟ್ಟಡ ಹೊಸ ಆಕಾಶಕ್ಕೆ ಹೊಂದಿಕೊಳ್ಳಲಿ ಎಂದು ಅದು ಹೊಸ ಆಕಾಶದ ಬಣ್ಣವನ್ನು ತೆಳುವಾಗಿ ಕಟ್ಟಡದ ಮೇಲೂ ಬಳಿಯುತ್ತದೆ, ಅಂಚುಗಳ ಹೊಳಪನ್ನೂ ತಿದ್ದುತ್ತದೆ. ತೆಳು ಬಣ್ಣ ಬಿಸಿಲಿಗಿಂತ ಗಾಢ, ನೆರಳಿಗಿಂತ ತಿಳಿ. ಆದ್ದರಿಂದ ಅದು ಬಿಸಿಲನ್ನು ಕೆಳಕ್ಕೂ ನೆರಳನ್ನು ಮೇಲಕ್ಕೂ ಎಳೆಯುತ್ತದೆ. ಚಹಾಕ್ಕೆ ಹಾಲು ಬೆರೆಸಿದಾಗ ಚಹಾದ ಕಪ್ಪೂ ಹಾಲಿನ ಬಿಳಿಯೂ ಕಳೆದುಹೋಗುವ ಹಾಗೆ ಇದು.

ಫೋಟೋಶಾಪಿನಲ್ಲಿ 2020ರಿಂದ ಇರುವ Sky Replacement ಬಳಸುವವರು ಫಲಿತಾಂಶವನ್ನು New Layers ಎಂದು ಹೊರತೆಗೆಯಬೇಕು. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ. ಹೀಗೆ ಮಾಡಿದಾಗ ಆಕಾಶ ಒಂದು ಹಾಳೆಯಲ್ಲಿ, ಕಟ್ಟಡದ ಮೇಲೆ ಬಳಿದ ಬಣ್ಣ Foreground Color ಎಂಬ ಬೇರೆ ಹಾಳೆಯಲ್ಲಿ, ಹೊಳಪಿನ ತಿದ್ದುಪಡಿ Foreground Lighting ಎಂಬ ಇನ್ನೊಂದು ಹಾಳೆಯಲ್ಲಿ ಬರುತ್ತವೆ. ಆ ಎರಡು ಹಾಳೆಗಳ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಮರೆಮಾಡಿದೊಡನೆ ನಮ್ಮ ಗೋಡೆ ಮತ್ತೆ 205 ಮತ್ತು 62ಕ್ಕೆ ಬಂತು. ಮೊಬೈಲ್ ಆ್ಯಪ್‌ಗಳಲ್ಲಿ ಹಾಳೆಗಳು ಬೇರೆಯಾಗಿ ಸಿಗದಿದ್ದರೆ, ಕಟ್ಟಡದ ಬಣ್ಣ ಮತ್ತು ಬೆಳಕನ್ನು ಹೊಂದಿಸುವ ಪಟ್ಟಿಗಳನ್ನು ಸೊನ್ನೆಗೆ ಇಳಿಸಬೇಕು.

ಸೊನ್ನೆಗೆ ಇಳಿಸಿದ ಮೇಲೆ ಇನ್ನೊಂದು ಅನುಮಾನ ಹುಟ್ಟುತ್ತದೆ. ಗೋಡೆ ಮೊದಲಿಗಿಂತ ಹೆಚ್ಚು ಹೊಳೆಯುವಂತೆ ಕಾಣುತ್ತದೆ. ಜೋಳದ ರೊಟ್ಟಿ ಬಿಳಿ ಬಟ್ಟೆಯ ಮೇಲೆ ಕಂಡದ್ದಕ್ಕಿಂತ ಕರಿ ಹಂಚಿನ ಮೇಲೆ ಬೆಳ್ಳಗೆ ಕಾಣುತ್ತದೆ. ರೊಟ್ಟಿ ಬದಲಾಗಿಲ್ಲ, ಅದರ ಹಿನ್ನೆಲೆ ಬದಲಾಗಿದೆ. ನಮ್ಮ ಚಿತ್ರದಲ್ಲಿಯೂ ಹಿಂದೆ 250ರ ಬಿಳಿ ಆಕಾಶವಿದ್ದ ಕಡೆ ಈಗ 140ರ ನೀಲಿ ಬಂದಿದೆ. ಈ ಹಂತದಲ್ಲಿ ಕಣ್ಣನ್ನು ನಂಬಿ ಗೋಡೆಯನ್ನು ಕಪ್ಪಾಗಿಸುವುದು ಸಾಮಾನ್ಯವಾದ ತಪ್ಪು. ಅಂಕಿ ನೋಡಿ, ಅದು ಹಾಗೆಯೇ ಇದ್ದರೆ ಗೋಡೆಯನ್ನು ಮುಟ್ಟದೆ ಆಕಾಶವನ್ನೇ ಸ್ವಲ್ಪ ತಿಳಿಯಾಗಿಸುವುದು ಒಳ್ಳೆಯದು. ನಾನು ಆಕಾಶದ ಕೆಳಭಾಗವನ್ನು 175ರವರೆಗೆ ತಿಳಿಗೊಳಿಸಿದೆ.

## ನೀಲಿ ಹಂಚಿನಲ್ಲಿ ಆಕಾಶದ ತೂತು

ಆಕಾಶ ಎಲ್ಲಿ ಮುಗಿದು ಕಟ್ಟಡ ಎಲ್ಲಿ ಶುರುವಾಗುತ್ತದೆ ಎಂದು ತಿಳಿಸುವ ಕಪ್ಪು-ಬಿಳುಪು ನಕ್ಷೆಗೆ ಮಾಸ್ಕ್ ಎನ್ನುತ್ತಾರೆ. ಗೋಡೆಗೆ ಬಣ್ಣ ಹಚ್ಚುವವರು ಕಿಟಕಿಯ ಚೌಕಟ್ಟಿಗೆ ಬಣ್ಣ ತಾಗದಿರಲೆಂದು ಅಂಟಿಸುವ ಕಾಗದದ ಪಟ್ಟಿಯ ಕೆಲಸವನ್ನೇ ಇದು ಮಾಡುತ್ತದೆ. ಆಕಾಶವನ್ನು ಗುರುತಿಸುವಾಗ ಹೊಳಪು ಮತ್ತು ನೀಲಿ ಬಣ್ಣವನ್ನೇ ನೆಚ್ಚಿಕೊಂಡರೆ ಬೇರೆ ಕಟ್ಟಡಗಳಲ್ಲಿ ತೊಂದರೆಯಾಗುವುದಿಲ್ಲ. ಆದರೆ ಈ ಮದರಸಾದ ಗೋಡೆಯ ಮೇಲೆ ನೀಲಿ ಹಂಚುಗಳೂ ಅವುಗಳ ನಡುವೆ ಬಿಳಿಯ ಬರಹವೂ ಉಳಿದುಕೊಂಡಿವೆ. ನಮ್ಮ ಚಿತ್ರದ ಮಾಸ್ಕನ್ನು ಬೇರೆಯಾಗಿ ತೆರೆದು ನೋಡಿದಾಗ, ಪೂರ್ತಿ ಕಪ್ಪಾಗಿರಬೇಕಾದ ಗೋಡೆಯ ಮೇಲೆ ಹಂಚುಗಳಿದ್ದ ಕಡೆ ಬೂದು ಮಚ್ಚೆಗಳು ಕಂಡವು. ಅಂದರೆ ಆ ಜಾಗಗಳಲ್ಲಿ ಗೋಡೆ ಅರೆಪಾರದರ್ಶಕವಾಗಿ, ಹೊಸ ಮೋಡಗಳು ಹಂಚಿನ ಮೇಲೆ ಇಣುಕುತ್ತಿದ್ದವು. ಗೋಡೆಯ ಸಪ್ಪೆಗೆ ಇದೂ ಒಂದು ಪಾಲು ಸೇರಿಸಿತ್ತು.

ಇದಕ್ಕೆ ಪರಿಹಾರ ಸರಳವಾಗಿದ್ದರೂ ತಾಳ್ಮೆ ಬೇಡುತ್ತದೆ. ಮಾಸ್ಕನ್ನು ಮಾತ್ರ ಪರದೆಯ ಮೇಲೆ ತಂದು, ಗೋಡೆಯ ಒಳಭಾಗದಲ್ಲಿ ಬೂದು ಕಂಡಲ್ಲೆಲ್ಲ ಶುದ್ಧ ಕಪ್ಪು ಬ್ರಷ್ ಆಡಿಸಬೇಕು. ಮುರಿದ ಭಾಗದ ಕಿಂಡಿಗಳಲ್ಲಿ ನಿಜವಾಗಿಯೂ ಆಕಾಶ ಕಾಣುತ್ತಿದ್ದರೆ ಅಲ್ಲಿ ಮಾತ್ರ ಬಿಳಿ ಇರಬೇಕು. ಅಂತಹ ಒಂದು ಕಿಂಡಿಯನ್ನು ಮರೆತರೆ ನೀಲಿ ಆಕಾಶದ ನಡುವೆ ಹಳೆಯ ಸುಣ್ಣದ ಬಿಳುಪು ಒಂದು ಚುಕ್ಕೆಯಾಗಿ ಉಳಿದು ಎಲ್ಲವನ್ನೂ ಬಯಲು ಮಾಡುತ್ತದೆ.

## ಮಿನಾರಿನ ಅಂಚಿನ ಬಿಳಿ ಗೆರೆ

ಇಷ್ಟೆಲ್ಲ ಸರಿಯಾದ ಮೇಲೂ ಮಿನಾರಿನ ಬಲ ಅಂಚಿನುದ್ದಕ್ಕೂ ದಾರದಂತಹ ಒಂದು ಬಿಳಿ ಗೆರೆ ಉಳಿದಿತ್ತು. ಅದರ ಲೆಕ್ಕ ತಿಳಿದರೆ ಮದ್ದೂ ತಿಳಿಯುತ್ತದೆ. ನೆರಳಿನ ಪಟ್ಟಿಯಲ್ಲಿ ಮಿನಾರಿನ ಹೊಳಪು 100, ಹಳೆಯ ಆಕಾಶದ ಹೊಳಪು 250 ಎಂದುಕೊಳ್ಳೋಣ. ಅಂಚಿನ ಬಿಂದುವಿನಲ್ಲಿ ಎರಡೂ ಅರ್ಧರ್ಧ ಬೆರೆತು 175 ಆಗಿರುತ್ತದೆ. ಮಾಸ್ಕ್ ಆ ಬಿಂದುವಿಗೆ 140ರ ಹೊಸ ಆಕಾಶವನ್ನು ಅರ್ಧದಷ್ಟು ಬೆರೆಸಿದಾಗ ಫಲ ಸುಮಾರು 157. ಇದು ಮಿನಾರಿಗಿಂತಲೂ ಹೊಸ ಆಕಾಶಕ್ಕಿಂತಲೂ ತಿಳಿ. ಹಳೆಯ ಆಕಾಶದ ಬಿಳುಪು ಅಂಚಿನಲ್ಲಿ ಅಂಟಿಕೊಂಡು ಉಳಿದದ್ದೇ ಆ ಗೆರೆ.

ಮಾಸ್ಕನ್ನು ಬಹಳ ಮೃದು ಮಾಡಿ ಗೆರೆಯನ್ನು ಕರಗಿಸಲು ಹೋದರೆ ಬಿಳುಪು ಇನ್ನಷ್ಟು ಒಳಕ್ಕೆ ಹರಡಿ ಅಂಚಿನ ಕಾಂಟ್ರಾಸ್ಟನ್ನೂ ತಿನ್ನುತ್ತದೆ. ಇದಕ್ಕಿಂತ ಉತ್ತಮವಾದ ದಾರಿಯೆಂದರೆ ಹೊಸ ಆಕಾಶದ ಹಾಳೆಯನ್ನು Multiply ಎಂಬ ಬೆರಕೆ ವಿಧಾನಕ್ಕೆ ತರುವುದು. ಬಿಳಿ ಹಾಳೆಯ ಮೇಲೆ ಬಣ್ಣದ ಜಿಲೆಟಿನ್ ಕಾಗದ ಇಟ್ಟಾಗ ಬಿಳಿಯ ಜಾಗ ಕಾಗದದ ಬಣ್ಣಕ್ಕೇ ತಿರುಗಿ, ಹಾಳೆಯ ಮೇಲಿನ ಗಾಢ ಗೆರೆಗಳು ಹಾಗೆಯೇ ಕಾಣುವಂತೆ ಇದು ನಡೆಯುತ್ತದೆ. ಎರಡು ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುವುದೇ ಇದರ ಲೆಕ್ಕ. ಹಳೆಯ ಆಕಾಶದ 250 ಈಗ 137 ಆಗುತ್ತದೆ, ಬೇಕಾಗಿದ್ದ 140ಕ್ಕೆ ಬಹಳ ಹತ್ತಿರ. ಮಾಸ್ಕ್ ಅಂಚಿನ ಬಿಂದುವನ್ನೂ ಪೂರ್ತಿ ಒಳಗೊಂಡಿದ್ದರೆ ಅಲ್ಲಿನ 175 ಈಗ 96 ಆಗುತ್ತದೆ. ಮಿನಾರು 100 ಇರುವುದರಿಂದ ಆ ಬಿಂದು ಮಿನಾರಿನಲ್ಲಿಯೇ ಸೇರಿಹೋಗಿ ಬಿಳಿ ಗೆರೆ ಕಾಣದಾಗುತ್ತದೆ. ಮುಂದೆ ಬೇವಿನ ಮರವಿದ್ದರೆ ಅದರ ಎಲೆಗಳ ನಡುವಿನ ಸಣ್ಣ ಸಂದುಗಳಿಗೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಈ ಉಪಾಯಕ್ಕೆ ಎರಡು ಮಿತಿಗಳಿವೆ. ಹಳೆಯ ಆಕಾಶ ಬಹುತೇಕ ಬಿಳಿಯಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಹಿಂದೆ ಆಗಲೇ ನೀಲಿ ಇದ್ದರೆ ಎರಡು ನೀಲಿಗಳು ಗುಣಿಸಿ ಬೇಕಾದದ್ದಕ್ಕಿಂತ ಬಹಳ ಗಾಢವಾಗುತ್ತವೆ. ಜೊತೆಗೆ ಮಾಸ್ಕ್ ಕಟ್ಟಡದ ಒಳಕ್ಕೆ ಸರಿಯಬಾರದು. ಹಾಗಾದಲ್ಲಿ ಮಿನಾರಿನ 100 ಗುಣಿಸಿ 55ಕ್ಕೆ ಇಳಿದು, ಬಿಳಿ ಗೆರೆಯ ಜಾಗದಲ್ಲಿ ಮಸಿಯ ಗೆರೆ ಬರುತ್ತದೆ. ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ಮಿನಾರಿನ ಬುಡದಿಂದ ತುದಿಯವರೆಗೆ ಒಮ್ಮೆ ಅಂಚಿನ ಗುಂಟ ನಡೆದು ಬಂದರೆ ಎರಡೂ ತಪ್ಪುಗಳು ಸಿಕ್ಕಿಬೀಳುತ್ತವೆ.

## ನೆರಳಿಗೆ ಎಷ್ಟು ನೀಲಿ

ನೇರ ಬಿಸಿಲು ತಾಗದ ಜಾಗಕ್ಕೆ ಆಕಾಶವೇ ದೀಪ. ಬಿಳಿ ಮಬ್ಬಿನ ದಿನ ನೆರಳು ಬೂದಾಗಿರುತ್ತದೆ, ನೀಲಿ ಆಕಾಶದ ದಿನ ಅದಕ್ಕೆ ನೀಲಿಯ ಛಾಯೆ ಇರುತ್ತದೆ. ಆದ್ದರಿಂದ ಆಕಾಶ ಬದಲಿಸಿದ ಮೇಲೆ ನೆರಳಿನ ಭಾಗಕ್ಕೆ ಸ್ವಲ್ಪ ನೀಲಿ ಸೇರಿಸುವುದು ನ್ಯಾಯವೇ. ಬಣ್ಣ ಮಾತ್ರ ಬದಲಾಗಿ ಹೊಳಪು ಬದಲಾಗದ Color ಎಂಬ ಬೆರಕೆ ವಿಧಾನದಲ್ಲಿ, ನೆರಳಿಗಷ್ಟೇ, ಐದು ಪ್ರತಿಶತದೊಳಗೆ ನಾನು ಇದನ್ನು ಮಾಡಿದೆ. ಬಿಸಿಲಿನ ಗಾರೆಯನ್ನು ಮುಟ್ಟಲಿಲ್ಲ. ಅಂಗಳದಲ್ಲಿ ನೀರು ನಿಂತಿದ್ದರೆ, ಮನೆಯ ಚಿತ್ರದಲ್ಲಿ ಕಿಟಕಿಯ ಗಾಜು ಅಥವಾ ಮುಂದೆ ನಿಂತ ಕಾರು ಇದ್ದರೆ ಅಲ್ಲಿಯೂ ಹಳೆಯ ಬಿಳಿ ಆಕಾಶದ ಪ್ರತಿಬಿಂಬ ಉಳಿದಿರುತ್ತದೆ. ನೀರು ಮತ್ತು ಗಾಜು ತೋರಿಸುವುದು ಕ್ಯಾಮೆರಾದ ಬೆನ್ನ ಹಿಂದಿನ ಅಥವಾ ನೆತ್ತಿಯ ಮೇಲಿನ ಆಕಾಶವನ್ನೂ ಆಗಿರಬಹುದು. ಆದ್ದರಿಂದ ಹಿಂದಿನ ಮೋಡವನ್ನೇ ಅಲ್ಲಿಗೆ ನಕಲು ಮಾಡದೆ, ಬಿಳುಪನ್ನು ತಿಳಿ ನೀಲಿಗೆ ಇಳಿಸುವುದಷ್ಟೇ ಸಾಕು.

ಕೊನೆಗೆ ಮತ್ತೆ ಮೊದಲಿನ ಎರಡು ಜಾಗಗಳಿಗೆ ಹೋಗಿ ಅಂಕಿ ನೋಡಿದೆ. ಗಾರೆಯ ಮೇಲೆ 205, ಕಮಾನಿನೊಳಗೆ 61. ಚಿತ್ರವನ್ನು ಬಣ್ಣವಿಲ್ಲದ ಕಪ್ಪು-ಬಿಳುಪಿಗೆ ತಿರುಗಿಸಿ ಹಳೆಯದರ ಪಕ್ಕದಲ್ಲಿಟ್ಟಾಗ ಗೋಡೆಗಳೆರಡೂ ಒಂದೇ ತೆರನಾಗಿದ್ದವು. ಮಿನಾರಿನ ಬಲ ಅಂಚಿನ ನೆರಳಿನ ಪಟ್ಟಿಯೂ ಅದರ ಹಿಂದಿನ ಮೋಡದ ಬೂದು ಮಗ್ಗುಲೂ ಒಂದೇ ಕಡೆಗೆ ಬಿದ್ದಿದ್ದವು. ಕ್ಯಾಲೆಂಡರಿನ ಹಾಳೆಯ ಕೆಳಗೆ, ಚಿತ್ರ ತೆಗೆದ ತಿಂಗಳಿನ ಪಕ್ಕದಲ್ಲಿ, ಆಕಾಶವನ್ನು ಬದಲಿಸಲಾಗಿದೆ ಎಂಬ ಸಾಲನ್ನು ಸಣ್ಣ ಅಕ್ಷರದಲ್ಲಿ ಸೇರಿಸಿ ಮುದ್ರಣಕ್ಕೆ ಕಳುಹಿಸಿದೆವು.